ಉರಿ ಕಾಣದ ಒಲೆಯಲ್ಲಿ ಒಗ್ಗರಣೆಯ ಹದ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್‌.ಟಿ. ನಗರ ಕಡೆಯ ಮನೆಗಳಿಗೆ ಇಂಡಕ್ಷನ್ ಒಲೆ ಎರಡು ದಾರಿಯಲ್ಲಿ ಬಂದಿದೆ. ಓದಲಿಕ್ಕೋ ಕೆಲಸಕ್ಕೋ ಬಂದು ಬಾಡಿಗೆ ಕೋಣೆ ಹಿಡಿದವರಿಗೆ ಗ್ಯಾಸ್ ಸಂಪರ್ಕ ಸಿಗುವವರೆಗೆ ಅದೇ ಒಲೆ. ಸಂಸಾರಸ್ಥರ ಮನೆಯಲ್ಲಿ ಅದು ಗ್ಯಾಸ್ ಪಕ್ಕದ ಎರಡನೇ ಒಲೆ, ಸಿಲಿಂಡರ್ ಖಾಲಿಯಾದ ದಿನದ ಆಪದ್ಬಾಂಧವ. ಎರಡೂ ಕಡೆ ಕೇಳಿಬರುವ ದೂರುಗಳು ಮಾತ್ರ ಒಂದೇ: ಇರುವ ಪಾತ್ರೆ ಆಗಿಬರುವುದಿಲ್ಲ, ಒಗ್ಗರಣೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಪ್ಪಾಗುತ್ತದೆ, ಸಣ್ಣಗೆ ಇಟ್ಟರೂ ತಳ ಹಿಡಿಯುತ್ತದೆ. ಈ ಮೂರು ದೂರುಗಳ ಬೇರು ಒಂದೇ ಕಡೆ ಇದೆ. ಈ ಒಲೆಯಲ್ಲಿ ಕಾವು ಹುಟ್ಟುವುದು ಒಲೆಯಲ್ಲಲ್ಲ, ಪಾತ್ರೆಯ ತಳದಲ್ಲಿ. ಆ ತಳವನ್ನು ಸರಿಯಾಗಿ ಆರಿಸಿಕೊಂಡು, ಅದು ಹೇಗೆ ಕಾಯುತ್ತದೆಂದು ತಿಳಿದುಕೊಂಡರೆ ನಮ್ಮ ದಿನನಿತ್ಯದ ಅಡುಗೆಯ ಬಹುಪಾಲು ಇಲ್ಲಿ ಚೆನ್ನಾಗಿಯೇ ಆಗುತ್ತದೆ. ಆಗದ ಕೆಲವು ಇವೆ. ಅವು ಯಾವುವೆಂದೂ ನೋಡೋಣ.

ಕಾವು ಎಲ್ಲಿ ಹುಟ್ಟುತ್ತದೆ

ಕಪ್ಪು ಗಾಜಿನ ಕೆಳಗೆ ತಾಮ್ರದ ತಂತಿಯನ್ನು ಚಕ್ಕುಲಿಯಂತೆ ಸುತ್ತಿದ ಸುರುಳಿಯೊಂದಿದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತದೆ. ಅದರಿಂದ ಏಳುವ ಕಾಂತಕ್ಷೇತ್ರ ಗಾಜನ್ನು ದಾಟಿ ಪಾತ್ರೆಯ ತಳ ಮುಟ್ಟಿ, ಅಲ್ಲಿನ ಕಬ್ಬಿಣದಲ್ಲಿ ಸಣ್ಣ ಸಣ್ಣ ಸುಳಿಗಳಾಗಿ ಕರೆಂಟನ್ನು ಹರಿಸುತ್ತದೆ. ಆ ಹರಿವಿಗೆ ಲೋಹ ಒಡ್ಡುವ ತಡೆಯೇ ಕಾವಾಗುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ ಇಳಿದು ಬಂದ ಶಾಖದಿಂದ.

ಇದರಿಂದ ಅಡುಗೆಗೆ ಮೂರು ಪರಿಣಾಮ. ಮೊದಲನೆಯದು, ಗ್ಯಾಸಿನ ಉರಿ ಪಾತ್ರೆಯ ಮಗ್ಗುಲನ್ನೂ ಸವರಿಕೊಂಡು ಮೇಲೇರುತ್ತದೆ. ಇಲ್ಲಿ ಕಾವೆಲ್ಲ ತಳದಲ್ಲೇ ಉಳಿಯುತ್ತದೆ. ಎರಡನೆಯದು, ಸುರುಳಿ ಬಳೆಯಾಕಾರದ್ದಾದ್ದರಿಂದ ತಳದ ನಟ್ಟನಡುವೆ ಮತ್ತು ಅಂಚಿನಲ್ಲಿ ಕಾವು ಕಡಿಮೆ, ನಡುವಿನ ಉಂಗುರದಲ್ಲಿ ಹೆಚ್ಚು. ತೆಳು ಪಾತ್ರೆಯಲ್ಲಿ ಹಾಲು ಸೀದರೆ ಕಂದು ಕಲೆ ಉಂಗುರದಂತೆ ಕಾಣುವುದು ಇದಕ್ಕೇ.

ಮೂರನೆಯದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಸಾಮಾನ್ಯ ಬೆಲೆಯ ಬಹುತೇಕ ಒಲೆಗಳು ಒಂದು ಮಟ್ಟಕ್ಕಿಂತ ಕಡಿಮೆ ಶಕ್ತಿಯನ್ನು ಸತತವಾಗಿ ಕೊಡಲಾರವು. ಪರದೆಯ ಮೇಲೆ 200 ವ್ಯಾಟ್ ಎಂದಿದ್ದರೂ ಒಳಗೆ ನಡೆಯುವುದು ಬೇರೆ: ಸಾವಿರ ವ್ಯಾಟಿನಲ್ಲಿ ಎರಡು ಸೆಕೆಂಡು ಕಾಯಿಸಿ, ಎಂಟು ಸೆಕೆಂಡು ಸುಮ್ಮನಿದ್ದು, ಮತ್ತೆ ಎರಡು ಸೆಕೆಂಡು ಕಾಯಿಸುವುದು. ಸರಾಸರಿ ಲೆಕ್ಕ ಸರಿ, ಆದರೆ ತಳಕ್ಕೆ ಬೀಳುವ ಪೆಟ್ಟು ಸಾವಿರದ್ದೇ. ಗ್ಯಾಸಿನ ಸಣ್ಣ ಉರಿ ಸದಾ ಸಣ್ಣದು. ಇಲ್ಲಿಯದು ಬಿಟ್ಟು ಬಿಟ್ಟು ಬರುವ ದೊಡ್ಡ ಉರಿ. ನಿಮ್ಮ ಒಲೆ ಹೀಗೆ ಮಾಡುತ್ತದೆಯೇ ಎಂದು ತಿಳಿಯಲು ಒಂದು ಲೋಟ ನೀರನ್ನು ಕುದಿಸಿ, ಆಮೇಲೆ ಅತಿ ಕಡಿಮೆ ಅಂಕಿಗೆ ಇಳಿಸಿ ನೋಡಿ. ಗುಳ್ಳೆಗಳು ಕೆಲವು ಸೆಕೆಂಡು ಜೋರಾಗಿ ಎದ್ದು, ಪೂರ್ತಿ ನಿಂತು, ಮತ್ತೆ ಎದ್ದರೆ ಅದು ಬಿಟ್ಟು ಬಿಟ್ಟು ಕಾಯಿಸುವ ಒಲೆ. ಅಂಕಿ ಏರಿಸುತ್ತಾ ಹೋಗಿ, ಗುಳ್ಳೆ ಎಲ್ಲಿ ಒಂದೇ ಸಮನೆ ಏಳುತ್ತದೋ ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಹದ ಬೇಕಾದ ಕೆಲಸಕ್ಕೆಲ್ಲ ಅದೇ ನಿಮ್ಮ ಕನಿಷ್ಠ ಉರಿ.

ಕೆಲವು ಒಲೆಗಳಲ್ಲಿ ವ್ಯಾಟಿನ ಬದಲು ಡಿಗ್ರಿ ಆರಿಸುವ ಗುಂಡಿ ಇರುತ್ತದೆ. 180 ಡಿಗ್ರಿ ಎಂದಿಟ್ಟರೆ ಎಣ್ಣೆ ಅಷ್ಟಕ್ಕೆ ನಿಲ್ಲುತ್ತದೆಂದು ನಂಬಬೇಡಿ. ಅಳೆಯುವ ಸಂವೇದಕ ಗಾಜಿನ ಕೆಳಗೆ, ಅದೂ ನಡುಮಧ್ಯೆ ಕೂತಿರುತ್ತದೆ. ಪಾತ್ರೆಯ ಕಾವು ಗಾಜು ದಾಟಿ ಅದನ್ನು ಮುಟ್ಟುವ ಹೊತ್ತಿಗೆ ಉಂಗುರದ ಮೇಲಿನ ಎಣ್ಣೆ ಎಷ್ಟೋ ಮುಂದೆ ಹೋಗಿರುತ್ತದೆ. ಬಜ್ಜಿ ಕರಿಯುವಂತೆ ಎಣ್ಣೆ ತುಂಬ ಇದ್ದರೆ ಅದು ಉಪಯೋಗಕ್ಕೆ ಬರಬಹುದು. ಎರಡು ಚಮಚ ಎಣ್ಣೆಯ ಒಗ್ಗರಣೆಗೆ ಅದನ್ನು ನೆಚ್ಚುವಂತಿಲ್ಲ.

ಪಾತ್ರೆಯ ತಳ ನೋಡುವ ಬಗೆ

ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಮೇಲೆ ಅಂಟಿಸುವ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಅದನ್ನು ತಳಕ್ಕೆ ಹಿಡಿದರೆ ಗಟ್ಟಿಯಾಗಿ ಕಚ್ಚಬೇಕು. ಅಲ್ಯೂಮಿನಿಯಂ, ಹಿಂಡಾಲಿಯಂ, ತಾಮ್ರ, ಹಿತ್ತಾಳೆಗೆ ಅದು ಅಂಟುವುದೇ ಇಲ್ಲ, ಒಲೆಯೂ ಅವನ್ನು ಗುರುತಿಸದೆ ಕೂಗುತ್ತದೆ. ಸ್ಟೀಲಿನಲ್ಲಿ ಎರಡು ಜಾತಿ. ಒಳ್ಳೆಯ ದರ್ಜೆಯೆಂದು ಹೆಸರಾದ 304 ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ, 430ಕ್ಕೆ ಹಿಡಿಯುತ್ತದೆ. ಹಾಗಾಗಿ ಮದುವೆಯಲ್ಲಿ ಉಡುಗೊರೆ ಬಂದ ಥಳಥಳಿಸುವ ಸ್ಟೀಲ್ ಪಾತ್ರೆಗಳಲ್ಲಿ ಎಷ್ಟೋ ಇಲ್ಲಿ ಕೆಲಸಕ್ಕೆ ಬಾರವು. ಅಯಸ್ಕಾಂತ ಅರೆಬರೆ ಅಂಟಿದರೆ ಒಲೆ ಅದನ್ನು ಗುರುತಿಸಿದರೂ ಪೂರ್ತಿ ಶಕ್ತಿ ಕೊಡಲಾರದು.

ಅಯಸ್ಕಾಂತ ಅಂಟಿದರೆ ಸಾಲದು, ದಪ್ಪವೂ ಬೇಕು. ತೆಳ್ಳನೆಯ 430 ಸ್ಟೀಲಿನ ಪಾತ್ರೆ ಈ ಒಲೆಯ ಮೇಲೆ ಕ್ಷಣದಲ್ಲಿ ಕಾಯುತ್ತದೆ, ಆದರೆ ಸ್ಟೀಲು ಶಾಖವನ್ನು ಪಕ್ಕಕ್ಕೆ ಹರಡುವುದರಲ್ಲಿ ಬಲು ಸೋಮಾರಿ. ಉಂಗುರದಲ್ಲಿ ಹುಟ್ಟಿದ ಕಾವು ಉಂಗುರದಲ್ಲೇ ಉಳಿದು ಅಲ್ಲಿರುವುದನ್ನು ಸೀಸುತ್ತದೆ. ಅದಕ್ಕಾಗಿ ನಡುವೆ ಅಲ್ಯೂಮಿನಿಯಂ ಪದರವಿರುವ ಪಾತ್ರೆ ಬೇಕು. ಟ್ರೈಪ್ಲೈ ಎಂದು ಮಾರುವುದರಲ್ಲಿ ಒಳಗೆ ಸ್ಟೀಲು, ನಡುವೆ ಅಲ್ಯೂಮಿನಿಯಂ, ಹೊರಗೆ ಅಯಸ್ಕಾಂತ ಹಿಡಿಯುವ ಸ್ಟೀಲು ಬಾಯಿಯವರೆಗೂ ಇರುತ್ತವೆ. ಸ್ಯಾಂಡ್‌ವಿಚ್ ತಳದ ಪಾತ್ರೆಯಲ್ಲಿ ಈ ಪದರಗಳು ಅಡಿಯಲ್ಲಿ ಬಿಲ್ಲೆಯಂತೆ ಮಾತ್ರ ಇರುತ್ತವೆ. ಸಾರು, ಹುಳಿ, ಹಾಲಿಗೆ ಎರಡನೆಯದು ಧಾರಾಳವಾಯಿತು. ಹುರಿಯುವುದಕ್ಕೆ, ಒಗ್ಗರಣೆಗೆ, ಉಪ್ಪಿಟ್ಟಿಗೆ ಮೊದಲನೆಯದು ಮೇಲು; ಬಿಲ್ಲೆ ಮುಗಿದು ತೆಳು ಗೋಡೆ ಶುರುವಾಗುವ ಮೂಲೆಯಲ್ಲಿ ಸೀಯುವ ಕಾಟ ಅದರಲ್ಲಿಲ್ಲ.

ಕುಕ್ಕರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಇಂಡಕ್ಷನ್ ತಳ’ ಎಂದಿರುವ ಅಲ್ಯೂಮಿನಿಯಂ ಕುಕ್ಕರಿನ ಅಡಿಯಲ್ಲಿ ಸ್ಟೀಲಿನ ತಗಡೊಂದನ್ನು ಒತ್ತಿ ಕೂರಿಸಿರುತ್ತಾರೆ. ಅನ್ನ, ಬೇಳೆ ಬೇಯಿಸಲು ಅದರಿಂದ ತೊಂದರೆಯಿಲ್ಲ. ಆದರೆ ವರ್ಷಗಳ ಬಳಕೆಯಲ್ಲಿ, ಅದರಲ್ಲೂ ನೀರು ಬತ್ತಿ ಒಣಗಿ ಕಾದರೆ, ತಳ ಉಬ್ಬುತ್ತದೆ. ಪಾತ್ರೆಯನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ ನೋಡಿ. ಬುಗುರಿಯಂತೆ ತಿರುಗಿದರೆ ತಳ ಉಬ್ಬಿದೆ ಎಂದರ್ಥ. ಹೀಗೆ ಕೆಳಕ್ಕೆ ಉಬ್ಬಿದ ತಳದಲ್ಲಿ ಎಣ್ಣೆ ನಡುವಿಗೆ ಓಡಿ ಅಂಚು ಒಣಗುತ್ತದೆ. ಅಳತೆಯ ವಿಷಯಕ್ಕೆ ಬಂದರೆ, ಬಾಯಿಯ ಅಗಲವಲ್ಲ, ಗಾಜಿಗೆ ತಾಗುವ ಚಪ್ಪಟೆ ಭಾಗದ ಅಗಲ ಮುಖ್ಯ. ಅದು 12 ಸೆಂಟಿಮೀಟರಿಗಿಂತ ಕಿರಿದಾದರೆ ಅನೇಕ ಒಲೆಗಳು ಪಾತ್ರೆ ಇದೆ ಎಂದೇ ಒಪ್ಪುವುದಿಲ್ಲ.

ಒಗ್ಗರಣೆ ಯಾಕೆ ಕೆಡುತ್ತದೆ

ಈ 12 ಸೆಂಟಿಮೀಟರಿನ ಕಟ್ಟಲೆಯಿಂದಲೇ ಒಗ್ಗರಣೆಯ ಕಷ್ಟ ಶುರು. ನಮ್ಮ ಒಗ್ಗರಣೆ ಸೌಟು ಗುಂಡುತಳದ್ದು, ಅಂಗೈಗಿಂತ ಚಿಕ್ಕದು. ಒಲೆ ಅದನ್ನು ಗುರುತಿಸುವುದಿಲ್ಲ. ಹಾಗಾಗಿ ಜನ ಕೈಗೆ ಸಿಕ್ಕ ಚಪ್ಪಟೆ ಪಾತ್ರೆಯಲ್ಲಿ, ಅಭ್ಯಾಸವಾದ ಅಳತೆಯ ಎಣ್ಣೆ ಹಾಕಿ ಒಗ್ಗರಣೆಗೆ ಇಳಿಯುತ್ತಾರೆ. ತಪ್ಪುವುದು ಇಲ್ಲೇ.

ಲೆಕ್ಕ ಹಾಕಿ ನೋಡೋಣ. ಎರಡು ಟೀ ಚಮಚ ಎಣ್ಣೆ ಎಂದರೆ 10 ಮಿಲಿ ಲೀಟರ್. ಎಂಟು ಸೆಂಟಿಮೀಟರ್ ಅಗಲದ ಗುಂಡು ಸೌಟಿನಲ್ಲಿ ಅದು ನಡುವೆ ಸೇರಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಳ ನಿಲ್ಲುತ್ತದೆ. ಸಾಸಿವೆ ಕಾಳು ಒಂದೆರಡು ಮಿಲಿಮೀಟರ್ ದಪ್ಪ. ಅದು ಎಣ್ಣೆಯಲ್ಲಿ ಮುಳುಗಿ ಎಲ್ಲ ಕಡೆಯಿಂದ ಸಮನಾಗಿ ಕಾದು ಸಿಡಿಯುತ್ತದೆ. ಅದೇ ಎಣ್ಣೆಯನ್ನು 14 ಸೆಂಟಿಮೀಟರ್ ತಳದ ಪಾತ್ರೆಗೆ ಹಾಕಿದರೆ ಆಳ ಮುಕ್ಕಾಲು ಮಿಲಿಮೀಟರೂ ಇರುವುದಿಲ್ಲ. ಕಾಳು ಎಣ್ಣೆಯಲ್ಲಿ ಮುಳುಗದೆ ಬಿಸಿ ಲೋಹದ ಮೇಲೆ ಕೂರುತ್ತದೆ. ಅಡಿಭಾಗ ಕರಕಲಾಗುತ್ತದೆ, ಮೇಲ್ಭಾಗ ಇನ್ನೂ ಹಸಿ. ಗ್ಯಾಸಿನಲ್ಲಾದರೆ ಪಾತ್ರೆಯನ್ನು ಓರೆ ಮಾಡಿ ಎಣ್ಣೆಯನ್ನು ಒಂದು ಮೂಲೆಗೆ ತಂದು ಅಲ್ಲಿ ಸಾಸಿವೆ ಸಿಡಿಸುತ್ತೇವೆ. ಇಲ್ಲಿ ಓರೆ ಮಾಡಿದರೆ ತಳ ಗಾಜಿನಿಂದ ದೂರವಾಗಿ ಕಾವೇ ನಿಂತುಹೋಗುತ್ತದೆ.

ಎರಡನೇ ಕಾರಣ ವೇಗ. ಸಾವಿರ ವ್ಯಾಟಿನಲ್ಲಿ ಹಗುರ ಪಾತ್ರೆಯೊಂದಿಗೆ ಎರಡು ಚಮಚ ಎಣ್ಣೆ ಸಾಸಿವೆ ಸಿಡಿಯುವ ಹದಕ್ಕೆ ಬರಲು ಅರ್ಧ ನಿಮಿಷ ಸಾಕು. 1800ರಲ್ಲಿಟ್ಟರೆ ಅದರ ಅರ್ಧ. ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತದೆ. ಉರಿ ಕಾಣದ್ದರಿಂದ ಕಣ್ಣಿಗೂ ಎಚ್ಚರಿಕೆ ಸಿಗುವುದಿಲ್ಲ.

ಪರಿಹಾರ ಈ ಕಾರಣಗಳಲ್ಲೇ ಇದೆ. ಒಗ್ಗರಣೆಗೆಂದೇ ಚಪ್ಪಟೆ ತಳ 12 ಸೆಂಟಿಮೀಟರಿನ ಆಸುಪಾಸು ಇರುವ, ಹಿಡಿಯಿರುವ ಚಿಕ್ಕ ಟ್ರೈಪ್ಲೈ ಪಾತ್ರೆಯೊಂದನ್ನು ಇಟ್ಟುಕೊಳ್ಳಿ. ಕೊಳ್ಳುವ ಮುನ್ನ ನಿಮ್ಮ ಒಲೆ ಎಷ್ಟು ಚಿಕ್ಕ ತಳವನ್ನು ಒಪ್ಪುತ್ತದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಎಣ್ಣೆ ಮೂರು ಟೀ ಚಮಚ ಇರಲಿ. ಆಗ ಸಾಸಿವೆಗೆ ಸುಮಾರು ಒಂದೂಕಾಲು ಮಿಲಿಮೀಟರ್ ಆಳ ಸಿಗುತ್ತದೆ. ಸಾಸಿವೆಯನ್ನು ತಣ್ಣನೆಯ ಎಣ್ಣೆಗೇ ಹಾಕಿ 800 ವ್ಯಾಟಿನಲ್ಲಿ ಶುರುಮಾಡಿ. ನಿಮ್ಮ ಒಲೆ ಸತತವಾಗಿ ಕೊಡುವ ಕನಿಷ್ಠ ಅಂಕಿ ಅದಕ್ಕಿಂತ ಹೆಚ್ಚಾದರೆ ಅದರಲ್ಲಿ. ಎಣ್ಣೆಯ ಜೊತೆಯಲ್ಲೇ ಕಾಯುವುದರಿಂದ ಕಾಳು ಏಕಾಏಕಿ ಕರಕಲಾಗುವುದಿಲ್ಲ. ಮೊದಲ ಕಾಳುಗಳು ಚಟಪಟ ಎಂದೊಡನೆ ಉದ್ದಿನಬೇಳೆ ಹಾಕಿ. ಸಿಡಿತ ಜೋರಾದಾಗ ಒಲೆ ಆರಿಸಿಬಿಡಿ. ಅಂಕಿ ಇಳಿಸುವುದಲ್ಲ, ಆರಿಸುವುದು. ಇಳಿಸಿದರೆ ಬಿಟ್ಟು ಬಿಟ್ಟು ಬರುವ ಪೆಟ್ಟು ಶುರುವಾಗುತ್ತದೆ. ತಳದಲ್ಲಿ ಉಳಿದ ಕಾವಿಗೆ ಬೇಳೆ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಮುರಿದ ಬ್ಯಾಡಗಿ ಮೆಣಸಿನಕಾಯಿ, ಅದು ಉಬ್ಬಿದ ಮೇಲೆ ಕರಿಬೇವು, ಕೊನೆಗೆ ಇಂಗು. ಕರಿಬೇವಿನ ಎಲೆಯ ನೀರು ಎಣ್ಣೆಯ ಕಾವನ್ನು ತುಸು ಇಳಿಸುವುದರಿಂದ ಇಂಗು ಕಹಿಯಾಗದೆ ಉಳಿಯುತ್ತದೆ. ಬೇಳೆ ಕೆಂಪಾಗುತ್ತಾ ಹೋದರೆ ಪಾತ್ರೆಯನ್ನು ಗಾಜಿನಿಂದ ಎತ್ತಿ ಸಾರಿಗೆ ಸುರಿದುಬಿಡಿ.

ಹಳೆಯ ಕಬ್ಬಿಣದ ಸೌಟನ್ನೇ ಬಳಸಬೇಕೆಂದು ಒಲೆಯ ಮೇಲೆ ಕಬ್ಬಿಣದ ಬಿಲ್ಲೆಯೊಂದನ್ನಿಟ್ಟು ಅದರ ಮೇಲೆ ಸೌಟು ಕೂರಿಸುವವರಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಗುಂಡುತಳ ಬಿಲ್ಲೆಗೆ ತಾಗುವುದು ಒಂದು ಚುಕ್ಕಿಯಷ್ಟು ಜಾಗದಲ್ಲಿ. ಸೌಟು ಕಾಯುವ ಹೊತ್ತಿಗೆ ಬಿಲ್ಲೆ ಕೆಂಡದಂತಾಗಿ ಗಾಜಿಗೂ ಒಳಗಿನ ಯಂತ್ರಕ್ಕೂ ಕಾವು ಹೊಡೆಯುತ್ತದೆ. ದಿನಬಳಕೆಗೆ ಅದು ತಕ್ಕುದಲ್ಲ.

ತಳ ಹಿಡಿಯದಂತೆ

ಹಾಲನ್ನೇ ತೆಗೆದುಕೊಳ್ಳಿ. ಕೆಎಂಎಫ್‌ನ ಮದರ್ ಡೇರಿ ಇರುವ ಯಲಹಂಕದಲ್ಲಿ ನಂದಿನಿ ಪ್ಯಾಕೆಟ್ ಒಡೆಯದೆ ಬೆಳಗಾಗುವುದಿಲ್ಲ. ಹಾಲಿನ ಪ್ರೋಟೀನಿನ ಒಂದು ಭಾಗ 70 ಡಿಗ್ರಿ ದಾಟಿದಾಗ ರೂಪ ಕಳೆದುಕೊಂಡು ಅತಿ ಬಿಸಿಯಾದ ಲೋಹಕ್ಕೆ ಅಂಟುತ್ತದೆ. ಅಂಟಿದ ಪೊರೆ ಒಣಗಿ, ಅದರ ಸಕ್ಕರೆ ಕಂದಾಗಿ, ಸೀದ ವಾಸನೆ ಇಡೀ ಹಾಲಿಗೆ ಏರುತ್ತದೆ. ಬೇಗ ಕಾಯಲೆಂದು 1800 ವ್ಯಾಟಿಗೆ ಇಟ್ಟರೆ ಹಾಲು ಬಿಸಿಯಾಗುವ ಮುಂಚೆಯೇ ಉಂಗುರದಲ್ಲಿ ಈ ಪೊರೆ ಕಟ್ಟಿರುತ್ತದೆ. ಸ್ಯಾಂಡ್‌ವಿಚ್ ತಳದ ಪಾತ್ರೆಯನ್ನು ನೀರಿನಲ್ಲಿ ತೊಳೆದು ಒರೆಸದೆ, ತಳದಲ್ಲಿ ಒಂದೆರಡು ಚಮಚ ನೀರು ಉಳಿಸಿ, ಅರ್ಧ ಲೀಟರ್ ಹಾಲು ಸುರಿದು 800 ವ್ಯಾಟಿನಲ್ಲಿಡಿ. ಫ್ರಿಜ್ಜಿನಿಂದ ತೆಗೆದದ್ದಾದರೂ ಐದಾರು ನಿಮಿಷಕ್ಕೆ ಉಕ್ಕುವ ಹಂತಕ್ಕೆ ಬರುತ್ತದೆ. ನಡುವೆ ಒಂದೆರಡು ಬಾರಿ ಸೌಟಿನಿಂದ ತಳ ಕೆದಕಿದರೆ ಸಾಕು.

ಸೀಯುವ ಮುನ್ಸೂಚನೆ ಮೂಗಿಗಿಂತ ಮೊದಲು ಕೈಗೆ ಸಿಗುತ್ತದೆ. ಸೌಟು ತಳದ ಮೇಲೆ ಜಾರದೆ ಒಂದು ಕಡೆ ತೊಡರಿದರೆ ಪೊರೆ ಕಟ್ಟಿದೆ ಎಂದು ತಿಳಿಯಿರಿ. ಆಗ ಜೋರಾಗಿ ಕೆರೆಯಬಾರದು, ಕೆರೆದರೆ ಕಪ್ಪೆಲ್ಲ ಮೇಲೆ ಬರುತ್ತದೆ. ಒಲೆ ಆರಿಸಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅಲ್ಲಿ ಮುಂದುವರಿಸುವುದೇ ದಾರಿ.

ರಾಗಿ ಮುದ್ದೆಗೆ ಇನ್ನೊಂದು ಎಚ್ಚರಿಕೆ ಬೇಕು. ಎಸರು ಕುದಿದ ಮೇಲೆ ಹಿಟ್ಟು ಗುಡ್ಡೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸುವುದು ವಾಡಿಕೆ. ಇಲ್ಲಿ ಸುತ್ತಲಿನ ನೀರು ಪೂರ್ತಿ ಇಂಗುವ ಮೊದಲೇ ಒಲೆ ಆರಿಸಿ, ಮುಚ್ಚಳ ತೆಗೆಯದೆ ದಪ್ಪ ತಳದ ಕಾವಿನಲ್ಲೇ ಐದಾರು ನಿಮಿಷ ಬಿಡಬೇಕು. ತಿರುವುವಾಗ ಪಾತ್ರೆಯನ್ನು ಕಡ್ಡಾಯವಾಗಿ ನೆಲಕ್ಕೋ ಕಟ್ಟೆಗೋ ಇಳಿಸಿ. ಮುದ್ದೆ ಕೋಲಿಗೆ ನಾವು ಹಾಕುವ ಬಲ ತಡೆಯಲು ಆ ಗಾಜು ಇರುವುದಲ್ಲ.

ಒಂದು ಉಪ್ಪಿಟ್ಟು, ಮೊದಲಿನಿಂದ ಕೊನೆಯವರೆಗೆ

ಹುರಿಯುವುದು, ಒಗ್ಗರಣೆ, ಕುದಿ, ಸಣ್ಣ ಉರಿ ನಾಲ್ಕೂ ಬರುವ ಅಡುಗೆ ಉಪ್ಪಿಟ್ಟು. ಒಂದು ಲೋಟ ಬನ್ಸಿ ರವೆಗೆ ಎರಡೂವರೆ ಲೋಟ ನೀರು, ಎರಡೂವರೆ ದೊಡ್ಡ ಚಮಚ ಎಣ್ಣೆ. ಬಾಣಲೆ ಟ್ರೈಪ್ಲೈ, ಚಪ್ಪಟೆ ತಳ 14 ಸೆಂಟಿಮೀಟರ್.

ಮೊದಲು 800 ವ್ಯಾಟಿನಲ್ಲಿ ರವೆ ಹುರಿಯಿರಿ. ಕೈ ನಿಲ್ಲಿಸಬಾರದು, ಉಂಗುರದ ಮೇಲಿನ ರವೆಯನ್ನು ನಡುವಿಗೂ ಅಂಚಿಗೂ ತಳ್ಳುತ್ತಿರಬೇಕು. ನಾಲ್ಕೈದು ನಿಮಿಷಕ್ಕೆ ಘಮ ಬರುತ್ತದೆ. ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಕೆಂಪಾಗಿಬಿಡುತ್ತದೆ.

ಬಾಣಲೆ ಸ್ವಲ್ಪ ಆರಿದ ಮೇಲೆ ಎಣ್ಣೆ, ಸಾಸಿವೆ, ಮತ್ತೆ 800. ಈ ಎಣ್ಣೆ ಆ ತಳದಲ್ಲಿ ಎರಡು ಮಿಲಿಮೀಟರಿಗೂ ಮೇಲೆ ನಿಲ್ಲುವುದರಿಂದ ಕಾಳು ಮುಳುಗುತ್ತದೆ. ಉಪ್ಪಿಟ್ಟಿನ ಒಗ್ಗರಣೆ ಸಾರಿನದಕ್ಕಿಂತ ಸುಲಭವಾಗುವುದು ಇದರಿಂದಲೇ. ಸಿಡಿಯತೊಡಗಿದಾಗ ಕಡಲೆಬೇಳೆ, ಉದ್ದಿನಬೇಳೆ. ಬಣ್ಣ ತಿರುಗಿದೊಡನೆ ಒಲೆ ಆರಿಸಿ ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು. ಆಮೇಲೆ ಈರುಳ್ಳಿ ಹಾಕಿ ಮತ್ತೆ ಹಚ್ಚಿ. ಈರುಳ್ಳಿಯ ನೀರು ತಳವನ್ನು ಕಾಯುವುದರಿಂದ ಈಗ ಸೀಯುವ ಭಯ ಕಡಿಮೆ.

ನೀರು ಮತ್ತು ಉಪ್ಪು ಹಾಕಿ 1600ಕ್ಕೆ ಏರಿಸಿ. ಎರಡೂವರೆ ಮೂರು ನಿಮಿಷಕ್ಕೆ ಕುದಿ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಗುಳ್ಳೆ ನೋಡಿ ನಡೆಯಿರಿ, ಡಿಗ್ರಿಯ ಗುಂಡಿ ಬೇಡ. ಕುದಿ ಬಂದೊಡನೆ 400ಕ್ಕೆ ಇಳಿಸಿ, ಒಂದು ಕೈಯಲ್ಲಿ ರವೆ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಗಟ್ಟಿಯಾದ ಕೂಡಲೇ ಮುಚ್ಚಿ, ಒಂದು ನಿಮಿಷ ಬಿಟ್ಟು ಒಲೆ ಆರಿಸಿ. ಐದು ನಿಮಿಷ ಬಾಣಲೆಯನ್ನು ಅಲ್ಲೇ ಬಿಡಿ. ಗ್ಯಾಸಿನಲ್ಲಿ ಸಣ್ಣ ಉರಿ ಮಾಡುವ ಕೆಲಸವನ್ನು ಇಲ್ಲಿ ದಪ್ಪ ತಳ ಮತ್ತು ಅದರಿಂದ ಬಿಸಿಯಾದ ಗಾಜು ಮಾಡುತ್ತವೆ. ನೀರು ಬತ್ತಿದ ರವೆಯನ್ನು ಬಿಟ್ಟು ಬಿಟ್ಟು ಬರುವ ಸಾವಿರ ವ್ಯಾಟಿಗೆ ಒಡ್ಡಿದರೆ ಮಾತ್ರ ತಳ ಹಿಡಿಯುವುದು ಖಂಡಿತ.

ಆಗದವು, ಮತ್ತು ಕರೆಂಟಿನ ಲೆಕ್ಕ

ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ಫುಲ್ಕವನ್ನು ಉರಿಗೆ ಹಿಡಿದು ಉಬ್ಬಿಸುವುದು ಇಲ್ಲಿ ಆಗದ ಮಾತು. ದೋಸೆಗೆ ಬೀಡು ಕಬ್ಬಿಣದ ಕಾವಲಿ ಹೊಂದುತ್ತದೆ, ಆದರೆ ಸುರುಳಿಗಿಂತ ತುಂಬ ಅಗಲವಾದ ಕಾವಲಿಯ ಅಂಚು ತಣ್ಣಗೇ ಉಳಿಯುತ್ತದೆ. ಬೀಡನ್ನು ಏಕ್ದಂ ಜೋರಾಗಿ ಕಾಯಿಸಿದರೆ ಸೀಳಬಹುದು. ಕಡಿಮೆ ಶಕ್ತಿಯಲ್ಲಿ ಐದು ನಿಮಿಷ ಕಾಯಿಸಿ ಶುರುಮಾಡಿ, ದೋಸೆಯ ಅಗಲವನ್ನೂ ಕಿರಿದು ಮಾಡಿಕೊಳ್ಳಿ.

ಎರಡು ಸಾವಿರ ವ್ಯಾಟಿನ ಒಲೆ ಒಂಬತ್ತು ಆಂಪಿಯರಿನಷ್ಟು ಕರೆಂಟು ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಆರು ಆಂಪಿಯರಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಬಾರದು. ದಪ್ಪ ತೂತುಗಳ 16 ಆಂಪಿಯರಿನ ಪಾಯಿಂಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಬಾಡಿಗೆ ಮನೆ ನೋಡುವಾಗ ಅಡುಗೆ ಕಟ್ಟೆಯ ಬಳಿ ಅಂಥದ್ದೊಂದು ಇದೆಯೇ ಎಂದು ನೋಡಿಕೊಳ್ಳಿ.

ಸರಾಸರಿ ಸಾವಿರ ವ್ಯಾಟಿನಲ್ಲಿ ದಿನಕ್ಕೆ ಒಂದು ಗಂಟೆ ಅಡುಗೆ ಎಂದರೆ ತಿಂಗಳಿಗೆ 30 ಯೂನಿಟ್, ಎರಡು ಗಂಟೆಗೆ 60. 2023ರಲ್ಲಿ ಶುರುವಾದ ಗೃಹಜ್ಯೋತಿಯಡಿ ಉಚಿತ ಸಿಗುವುದು ಮನೆಯ ಹಿಂದಿನ ಸರಾಸರಿಗೆ ತುಸು ಸೇರಿಸಿದಷ್ಟು. ಅದನ್ನು ಮೀರಿದರೆ ಹೆಚ್ಚಿನದಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ 150 ಮುಟ್ಟುವ ಮನೆ ಇಡೀ ಅಡುಗೆಯನ್ನು ಈ ಒಲೆಗೆ ತಂದರೆ ಆ ಗೆರೆ ದಾಟುತ್ತದೆ. ಎಂಬತ್ತರಲ್ಲಿರುವ ಮನೆಗೆ ಆ ಭಯವಿಲ್ಲ. ಒಲೆ ಕೊಳ್ಳುವ ಮೊದಲು ಬೆಸ್ಕಾಂ ಬಿಲ್ಲುಗಳನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ನನ್ನ ಅಭಿಪ್ರಾಯ ಇಷ್ಟು. ಹಣ ಖರ್ಚು ಮಾಡುವುದಿದ್ದರೆ ದುಬಾರಿ ಒಲೆಗಿಂತ ಮೊದಲು ಮೂರು ಪಾತ್ರೆಗಳಿಗೆ ಮಾಡಿ: ಸ್ಯಾಂಡ್‌ವಿಚ್ ತಳದ ಒಂದು ಹಾಲಿನ ಪಾತ್ರೆ, ಟ್ರೈಪ್ಲೈ ಬಾಣಲೆ, ಚಿಕ್ಕ ಒಗ್ಗರಣೆ ಪಾತ್ರೆ. ಒಲೆಯನ್ನೇ ಬದಲಿಸುವ ಹೊತ್ತು ಬಂದಾಗ ಅದು ಎಷ್ಟು ಹೆಚ್ಚು ಶಕ್ತಿ ಕೊಡುತ್ತದೆಂದು ಕೇಳುವುದಕ್ಕಿಂತ ಎಷ್ಟು ಕಡಿಮೆಯನ್ನು ಸತತವಾಗಿ ಕೊಡಬಲ್ಲದೆಂದು ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ನೀರಿಟ್ಟು ನೋಡಿ. ಬೇಯಿಸುವುದು, ಕುದಿಸುವುದನ್ನೆಲ್ಲ ನಿಶ್ಚಿಂತೆಯಿಂದ ಇಂಡಕ್ಷನ್ನಿಗೆ ಒಪ್ಪಿಸಬಹುದು. ಒಗ್ಗರಣೆಯನ್ನು ಆರಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಮಾಡಬೇಕು. ಸುಡುವುದಕ್ಕೆ ಮಾತ್ರ ಗ್ಯಾಸ್ ಒಲೆ ಬೇಕೇ ಬೇಕು.